14 ತಿಂಗಳು ಬಳಸಿದ ಮೇಲೆ: ಸಿಲಿಕಾನ್ ಕ್ಯಾಥೆಟರ್, 16 ನಂಬರ್

ಬಳಸುತ್ತಿರುವುದು ನಮ್ಮ ಮಾವನವರಿಗೆ. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ, ಪ್ರಾಸ್ಟೇಟ್ ತೊಂದರೆಯೂ ಇದೆ. ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಮನೆ. ಮೊದಲು ಹಾಕಿದ್ದು ಹಳದಿ ಬಣ್ಣದ ಲೇಟೆಕ್ಸ್ ಪೈಪ್. ಅದನ್ನು ಬೇಗ ಬೇಗ ಬದಲಿಸಬೇಕಾಗುತ್ತಿತ್ತು ಅಂತ ಪಾರದರ್ಶಕ ಸಿಲಿಕಾನ್‌ಗೆ ಬಂದೆವು. ದುಡ್ಡು ಹಲವು ಪಟ್ಟು ಜಾಸ್ತಿ. ಆದರೆ ಗೋಡೆ ತೆಳು ಇರುವುದರಿಂದ ಅದೇ 16 ನಂಬರಿನಲ್ಲಿ ಒಳದಾರಿ ಅಗಲ. ಮೆಡಿಕಲ್ ಶಾಪಿನವರು "ಮೂರು ತಿಂಗಳು ತಲೆಬಿಸಿ ಇಲ್ಲಮ್ಮ" ಅಂದರು.

ಐದನೇ ವಾರಕ್ಕೇ ತಲೆಬಿಸಿ ಶುರುವಾಯಿತು.

ಒಂದು ರಾತ್ರಿ ಡೈಪರ್ ತೊಯ್ದಿತ್ತು. ಪೈಪಿನ ಪಕ್ಕದಿಂದ ಮೂತ್ರ ಸೋರುತ್ತಿದೆ. ಪೈಪ್ ಸಣ್ಣದಾಯಿತೇನೋ ಅಂದುಕೊಂಡೆ, ಫೋನಿನಲ್ಲಿ ಕೇಳಿದಾಗ ಪರಿಚಯದ ಕಾಂಪೌಂಡರ್ ಕೂಡ "18 ಹಾಕಿಸಿ" ಅಂದರು. ಡೈಪರ್ ಬದಲಿಸಿ ಮಲಗಿದೆ. ಬ್ಯಾಗ್ ನೋಡಲೇ ಇಲ್ಲ, ತಪ್ಪು ಅಲ್ಲೇ. ರಾತ್ರಿ ಹತ್ತಕ್ಕೆ ಖಾಲಿ ಮಾಡಿದ್ದ ಬ್ಯಾಗಿಗೆ ಬೆಳಗಿನ ಜಾವ ನಾಲ್ಕರವರೆಗೂ ಒಂದು ಹನಿ ಬಿದ್ದಿರಲಿಲ್ಲ. ಮಾವ ಒದ್ದಾಡುತ್ತಿದ್ದರು, ಬೆವರುತ್ತಿದ್ದರು, ಹೊಕ್ಕುಳ ಕೆಳಗೆ ಮುಟ್ಟಿದರೆ ತೆಂಗಿನಕಾಯಿಯಷ್ಟು ಗಟ್ಟಿ. ಪೈಪ್ ಎಲ್ಲೂ ಮಡಚಿರಲಿಲ್ಲ, ಮೈಕೆಳಗೆ ಸಿಕ್ಕಿರಲಿಲ್ಲ, ಬ್ಯಾಗ್ ಮಂಚದ ಪಕ್ಕ ಕೆಳಗೇ ನೇತಾಡುತ್ತಿತ್ತು.

ಆರಕ್ಕೆ ಸಿಸ್ಟರ್ ಬಂದರು. ಸಿರಿಂಜಿನಿಂದ ಬಲೂನಿನ ನೀರು ತೆಗೆದು ಪೈಪ್ ಹೊರತೆಗೆದರು. ತುದಿಯ ಕಣ್ಣುಗಳ ಸುತ್ತ ಬಿಳಿ ಮರಳಿನಂಥ ಸುಣ್ಣ ಕಟ್ಟಿತ್ತು. ಹೊಸದು ಹಾಕಿದ ತಕ್ಷಣ 700 ಎಂಎಲ್ ಬಂತು, ಮಾವ ನಿದ್ದೆ ಹೋದರು. ನಮ್ಮ ಅತ್ತೆಯವರು ಬೋರ್‌ವೆಲ್ ನೀರಿನ ಸುಣ್ಣವೇ ಅದು ಅಂದರು. ನಮ್ಮ ಪಾತ್ರೆಗಳನ್ನು ನೋಡಿದರೆ ಹಾಗೆನ್ನಿಸುವುದು ಸಹಜ. ಆದರೆ ಕಾರಣ ಬೇರೆ: ಪೈಪಿನಲ್ಲಿ ನೆಲೆಸುವ ಪ್ರೋಟಿಯಸ್ ಥರದ ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದು ಕ್ಷಾರ ಮಾಡುತ್ತವೆ, ಆಗ ಲವಣಗಳು ಗಟ್ಟಿಯಾಗಿ ಕೂರುತ್ತವೆ. ಅದಕ್ಕೇ ಸಿಲಿಕಾನ್ ಇದ್ದರೂ ಕಟ್ಟುತ್ತದೆ, ಸ್ವಲ್ಪ ತಡವಾಗಿ ಅಷ್ಟೇ. 18 ಹಾಕಿಸಿದ್ದರೂ ಅದೇ ಆಗುತ್ತಿತ್ತು, ಮೇಲೆ ಮೂತ್ರನಾಳಕ್ಕೆ ಉಜ್ಜಾಟ ಬೇರೆ.

ಎರಡನೇ ಸಲ ಸೋರಿದಾಗ ಮೊದಲು ನೋಡಿದ್ದು ಬ್ಯಾಗ್. ಅದರಲ್ಲಿ ಎಂದಿನಂತೆ ಮೂತ್ರ ಇತ್ತು! ಅಂದರೆ ಪೈಪ್ ಕಟ್ಟಿಲ್ಲ, ಮೂತ್ರಕೋಶವೇ ಸೆಳೆತದಿಂದ ಪಕ್ಕಕ್ಕೆ ಹೊರದಬ್ಬುತ್ತಿದೆ. ನೋಡಿದರೆ ಮಾವನಿಗೆ ನಾಲ್ಕು ದಿನದಿಂದ ಮಲವಿಸರ್ಜನೆ ಆಗಿರಲಿಲ್ಲ. ವೈದ್ಯರು ಹೇಳಿದ ಸಪೋಸಿಟರಿ ಇಟ್ಟು ಹೊಟ್ಟೆ ಸರಿಯಾದ ಮೇಲೆ ಸೋರುವುದೂ ನಿಂತಿತು, ಪೈಪ್ ಮುಟ್ಟಬೇಕಾಗಲಿಲ್ಲ. ಹಾಗಾಗಿ ಈಗ ನಮ್ಮ ಲೆಕ್ಕ ಇಷ್ಟೇ: ಪಕ್ಕಕ್ಕೆ ಸೋರಿ ಬ್ಯಾಗೂ ಖಾಲಿ ಇದ್ದರೆ, ಮಡಚು ನೋಡಿ ಕೂಡಲೇ ಸಿಸ್ಟರಿಗೆ ಫೋನ್, ಬ್ಯಾಗಿಗೆ ಬರುತ್ತಿದ್ದರೆ ಮೊದಲು ಹೊಟ್ಟೆ ವಿಚಾರಿಸು. ಪೈಪನ್ನು ಎಳೆಯುವುದು, ಕತ್ತರಿಸುವುದು ಖಂಡಿತ ಇಲ್ಲ. ಒಳಗೆ 10 ಎಂಎಲ್ ನೀರಿನ ಬಲೂನ್ ಇರುತ್ತದೆ.

ನಮಗೆ ಮೂರು ತಿಂಗಳಿನ ಮಾತು ಸುಳ್ಳಾಯಿತು. ಎರಡು ಸಲ ಐದನೇ ವಾರಕ್ಕೆ ಕಟ್ಟಿದ್ದರಿಂದ, ವೈದ್ಯರನ್ನು ಕೇಳಿ ನಾಲ್ಕನೇ ವಾರಕ್ಕೇ ಬದಲಿಸುತ್ತೇವೆ. ಆಮೇಲೆ ನಡುರಾತ್ರಿ ಓಡಾಟ ಇಲ್ಲ. ಪ್ರತಿ ಸಲ ತೆಗೆದ ಪೈಪಿನ ತುದಿ ನೋಡಿ ಡೈರಿಯಲ್ಲಿ ಬರೆಯುತ್ತೇನೆ. ಸಿಲಿಕಾನಿನ ಇನ್ನೊಂದು ಗುಣ: ಬಲೂನಿನ ನೀರು ನಿಧಾನವಾಗಿ ಇಂಗಿ ಕಡಿಮೆಯಾಗುತ್ತದೆ, ತುಂಬಾ ಕಡಿಮೆಯಾದರೆ ಪೈಪ್ ಜಾರಬಹುದು.

ಸೋಂಕಿನ ವಿಷಯದಲ್ಲಿ ನಾನು ಮೊದಮೊದಲು ದುಡ್ಡು ಕಳೆದೆ. ವಾಸನೆ ಬಂತು, ಕಲಕಾಯಿತು ಅಂತ ಬ್ಯಾಗಿನಿಂದಲೇ ಮೂತ್ರ ತೆಗೆದು ಕಲ್ಚರ್‌ಗೆ ಕೊಟ್ಟೆ, ಬ್ಯಾಕ್ಟೀರಿಯಾ ಬಂತು, ಆಂಟಿಬಯೋಟಿಕ್ ಕೊಡಿಸಿದೆ. ತಿಂಗಳುಗಟ್ಟಲೆ ಪೈಪ್ ಇದ್ದವರಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದಂತೆ, ಜ್ವರ ಗಿರ ಇಲ್ಲದಿದ್ದರೆ ಅದಕ್ಕೆ ಔಷಧಿ ಬೇಡ. ನಿಜವಾದ ಸೋಂಕು ಬಂದ ದಿನ ಅನುಮಾನವೇ ಇರಲಿಲ್ಲ: ನಡುಗುವ ಚಳಿ, 102 ಜ್ವರ, ಊಟ ಬೇಡ, ಮಗನನ್ನೇ "ಯಾರಪ್ಪ ನೀನು?" ಅಂದರು. ಅದೇ ದಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಮೊದಲು ಪೈಪ್ ಬದಲಿಸಿ, ಹೊಸ ಪೈಪಿನಿಂದ ಬಂದ ಮೂತ್ರವನ್ನೇ ಪರೀಕ್ಷೆಗೆ ಕಳಿಸಿದರು. ವಯಸ್ಸಾದವರಿಗೆ ಜ್ವರವೇ ಬರದೆ ಬರೀ ಮಂಕು, ಗೊಂದಲ ಕಾಣಿಸಬಹುದು ಅಂತಲೂ ಹೇಳಿದರು.

ದಿನದ ಕೆಲಸ ಹೆಚ್ಚೇನಿಲ್ಲ. ಕೈ ತೊಳೆದು, ಸೋಪು ನೀರಿನಿಂದ ಪೈಪ್ ಹೊರಬರುವ ಜಾಗ ಒರೆಸುವುದು, ಡೆಟಾಲ್ ಬೇಡ. ತೊಡೆಗೆ ಸ್ವಲ್ಪ ಸಡಿಲ ಬಿಟ್ಟು ಪ್ಲಾಸ್ಟರ್ ಅಂಟಿಸುವುದು. ಹೊರಳಿಸುವಾಗ ಬ್ಯಾಗನ್ನು ಹೊಟ್ಟೆ ಮೇಲೆ ಇಡುವ ಅಭ್ಯಾಸ ನಮ್ಮ ಯಜಮಾನರದು, ಬಿಡಿಸಲು ತಿಂಗಳು ಹಿಡಿಯಿತು.

ಪೈಪಿಗೆ ನಾಲ್ಕು ಸ್ಟಾರ್. ಜೊತೆಗೆ ಕೊಂಡ 2 ಲೀಟರ್ ಬ್ಯಾಗಿಗೆ ಎರಡೇ, ಕೆಳಗಿನ ನಲ್ಲಿ ನಾಲ್ಕನೇ ದಿನಕ್ಕೇ ಹನಿ ಹಾಕುತ್ತದೆ.