ಕಾರ್ಟನ್ ಬದಲಾಯಿಸಿದರೆ ಪತ್ರವನ್ನು ಏಜೆಂಟ್ ಕೈಗೆ ಬಿಡಬೇಡಿ

ಮೈಸೂರಿನಲ್ಲಿ ನಮ್ಮದು ಸಣ್ಣ ಅಗರಬತ್ತಿ ಘಟಕ. ನೆದರ್ಲೆಂಡ್ಸ್‌ನ ಒಬ್ಬರಿಗೆ ಎಫ್‌ಒಬಿ ಲೆಕ್ಕದಲ್ಲಿ ಮಾಲು ಕಳಿಸುತ್ತೇವೆ, ಅಂದರೆ ಹಡಗಿನ ಬಾಡಿಗೆ ಅವರದ್ದು. ಮಳೆಗಾಲದಲ್ಲಿ ಕೆಳಗಿನ ಸಾಲಿನ ಕಾರ್ಟನ್‌ಗಳು ಜಜ್ಜಿಹೋಗುತ್ತಿದ್ದವು. ಅದಕ್ಕೆ ಐದು ಪ್ಲೈ, ಅಂದರೆ ಐದು ಪದರದ ಹಾಳೆ, ಬಿಟ್ಟು ಏಳು ಪ್ಲೈಗೆ ಬಂದೆವು. ಒಳಗಿನ ಮಾಲು ಅಷ್ಟೇ, 300 ಪ್ಯಾಕ್. ಖರೀದಿದಾರರೂ ಒಪ್ಪಿದರು, ಹೊಸ ಅಳತೆ ಮತ್ತು ತೂಕ ಬರೆದು ಕಳಿಸಿ ಅಂದರು. ನಮ್ಮ ದಾಖಲೆ ಕೆಲಸ ನೋಡುವ ಏಜೆಂಟ್, "ನಾನೇ ಕಳಿಸ್ತೀನಿ ಬಿಡಿ" ಅಂದ.

ಅವನು ಬರೆದಿದ್ದು ಇಷ್ಟೇ: ಹೊಸ ಕಾರ್ಟನ್ 52×36×27 ಸೆಂ.ಮೀ., ಗ್ರಾಸ್ 13.9 ಕೆ.ಜಿ., ನೆಟ್ 13.0 ಕೆ.ಜಿ. ಮೂರರಲ್ಲಿ ಎರಡು ತಪ್ಪು.

ಮೊದಲು ಅಳತೆ. ಕಾರ್ಟನ್ ಮಾಡುವವರು ಬಿಲ್‌ನಲ್ಲಿ ಹಾಕುವುದು ಸಾಮಾನ್ಯವಾಗಿ ಒಳಗಿನ ಅಳತೆ. ಹಡಗಿನವರಿಗೆ ಬೇಕಿರುವುದು ಹೊರಗಿನದು. ಏಳು ಪ್ಲೈ ಹಾಳೆ ಹೆಚ್ಚುಕಡಿಮೆ 1 ಸೆಂ.ಮೀ. ದಪ್ಪ. ಉದ್ದ, ಅಗಲಕ್ಕೆ ಎರಡು ಗೋಡೆ, ಹಾಗಾಗಿ ತಲಾ 2 ಸೆಂ.ಮೀ. ಸೇರುತ್ತದೆ. ಎತ್ತರಕ್ಕೆ ಮಾತ್ರ 4. ಯಾಕೆಂದರೆ ಮೇಲೆ ಎರಡು ಪದರ ಮಡಿಕೆ, ಕೆಳಗೂ ಎರಡು ಪದರ. ಇದನ್ನು ಬಹಳ ಜನ ಮರೆಯುತ್ತಾರೆ. ಹೊರಗಿನ ನಿಜವಾದ ಅಳತೆ 54×38×31.

200 ಕಾರ್ಟನ್‌ಗೆ ಪತ್ರದ ಪ್ರಕಾರ 10.11 ಸಿಬಿಎಂ, ಅಂದರೆ ಘನ ಮೀಟರ್. ಗೋದಾಮಿನಲ್ಲಿ ಟೇಪ್ ಹಿಡಿದು ಅಳೆದಾಗ ಬಂದಿದ್ದು 12.72. ಪೂರ್ತಿ ಕಂಟೇನರ್ ತುಂಬದ ಮಾಲಿಗೆ ಟನ್ನು, ಸಿಬಿಎಂ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಬಾಡಿಗೆ. ನಮ್ಮ ಒಟ್ಟು ತೂಕ 2.78 ಟನ್, ಹಾಗಾಗಿ ಬಾಡಿಗೆ ಪೂರ್ತಿ ಸಿಬಿಎಂ ಮೇಲೇ ಬಿತ್ತು. ತಮಾಷೆ ಅಂದರೆ ಹಳೇ ಕಾರ್ಟನ್ನಿನ ಹೊರಗಿನ ಅಳತೆ 53×37×30, ಒಟ್ಟು 11.77 ಸಿಬಿಎಂ. ನಿಜವಾಗಿ ಹೆಚ್ಚಾಗಿದ್ದು ಒಂದು ಸಿಬಿಎಂಗೂ ಕಡಿಮೆ. ಅದನ್ನು ಮೊದಲೇ ಹೇಳಿದ್ದರೆ ಅವರು ತಕರಾರು ಮಾಡುತ್ತಲೇ ಇರಲಿಲ್ಲ. ಪತ್ರ ನೋಡಿ ಅವರು ಗಟ್ಟಿ ಕಾರ್ಟನ್ ಹಳೆಯದಕ್ಕಿಂತ ಚಿಕ್ಕದು ಅಂದುಕೊಂಡಿದ್ದರು!

ಅಲ್ಲಿಗೆ ಹೋದ ಮೇಲೆ ಇನ್ನೊಂದು. ಅವರ ರ‍್ಯಾಕ್‌ನಲ್ಲಿ ಪ್ಯಾಲೆಟ್ ಸೇರಿ 2 ಮೀಟರ್ ಎತ್ತರ ಮಾತ್ರ ಹಿಡಿಯುತ್ತದೆ. ಪ್ಯಾಲೆಟ್ 15 ಸೆಂ.ಮೀ., ಅದರ ಮೇಲೆ 30ರ ಹಳೇ ಕಾರ್ಟನ್ ಆರು ಸಾಲು, ಒಟ್ಟು 195. ಹೊಸದು ಆರು ಸಾಲಿಗೆ 201. ಒಂದು ಸೆಂ.ಮೀ. ಜಾಸ್ತಿ ಅಂತ ಐದೇ ಸಾಲು ಜೋಡಿಸಬೇಕಾಯಿತು. ಸಾಲಿಗೆ ಐದು ಕಾರ್ಟನ್, ಹಾಗಾಗಿ 7 ಪ್ಯಾಲೆಟ್ ಬದಲು 8. ಬಾಡಿಗೆಯ ವ್ಯತ್ಯಾಸ, ಹೆಚ್ಚಿನ ಪ್ಯಾಲೆಟ್ ಖರ್ಚು ಎರಡಕ್ಕೂ ನಮ್ಮ ಹೆಸರಿಗೆ ಡೆಬಿಟ್ ನೋಟ್ ಬಂತು.

ಇನ್ನು ತೂಕ. ಹಳೇ ಖಾಲಿ ಕಾರ್ಟನ್ 0.9 ಕೆ.ಜಿ., ಹೊಸದು 1.3. ಗ್ರಾಸ್ 13.5 ಇದ್ದಿದ್ದು 13.9 ಆಯಿತು, ಸರಿ. ಆದರೆ ಆ ಪುಣ್ಯಾತ್ಮ ಟೇರ್, ಅಂದರೆ ಖಾಲಿ ಕಾರ್ಟನ್ ತೂಕ, ಹಳೆಯದನ್ನೇ ಇಟ್ಟು ಕಳೆದ, ನೆಟ್ 12.6 ಹೋಗಿ 13.0 ಆಯಿತು. ಇದೇ ಅಂಕಿಯನ್ನು ನಮ್ಮ ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್‌ನಲ್ಲೂ ಹಾಕಿದ. ಪ್ಯಾಕ್ ಲೆಕ್ಕ ಅಷ್ಟೇ, ದುಡ್ಡು ಅಷ್ಟೇ, ಮಾಲು ಮಾತ್ರ 80 ಕೆ.ಜಿ. ಜಾಸ್ತಿ! ಅವರ ಕಡೆಯ ಕಸ್ಟಮ್ಸ್ ಏಜೆಂಟ್ ಕೇಳದೆ ಬಿಡುತ್ತಾನಾ? ವಿವರಣೆ ಬರುವ ತನಕ ಹಣ ತಡೆದರು.

ಮಾಲು ಬದಲಾಗದಿದ್ದರೆ ಗ್ರಾಸ್ ಏರಿದಷ್ಟೇ ಟೇರ್ ಏರಿರಬೇಕು, ನೆಟ್ ಅಲ್ಲಾಡಬಾರದು. ಯಾರೇ ಪತ್ರ ತಯಾರಿಸಿದರೂ ಕಳಿಸುವ ಮುಂಚೆ ಇದೊಂದನ್ನು ಕೂಡಿ ಕಳೆದು ನೋಡಿ. ನೆಟ್ ಅಂದರೆ ಏನು ಅಂತಲೂ ಬರೆಯಿರಿ. ನಮ್ಮ 12.6ರಲ್ಲಿ ಕಡ್ಡಿ 9 ಕೆ.ಜಿ., ಉಳಿದ 3.6 ಚಿಲ್ಲರೆ ಪ್ಯಾಕ್‌ಗಳ ಕಾಗದ, ಕವರ್. ಕೆಲವರು ಬರೀ ಕಡ್ಡಿಯ ತೂಕವನ್ನೇ ನೆಟ್ ಅಂದುಕೊಳ್ಳುತ್ತಾರೆ.

ಕೊನೆಗೆ ನಾವೇ ಕೂತು ಪತ್ರ ಬರೆದೆವು. ಹಳೆಯದು, ಹೊಸದು ಅಕ್ಕಪಕ್ಕ ಇಟ್ಟೆವು: ಅಂಟಿಸಿದ ಮೇಲಿನ ಹೊರ ಅಳತೆ, ನೆಟ್, ಟೇರ್, ಗ್ರಾಸ್, 200 ಕಾರ್ಟನ್‌ನ ಒಟ್ಟು ತೂಕ, ಸಿಬಿಎಂ. ಬದಲಾಗಿದ್ದು ಕಾರ್ಟನ್ ಮಾತ್ರ, ಪ್ಯಾಕ್ ಸಂಖ್ಯೆ ಮತ್ತು ನೆಟ್ ಮೊದಲಿನಷ್ಟೇ ಅಂತ ಸ್ಪಷ್ಟವಾಗಿ ಹೇಳಿದೆವು. ಜೊತೆಗೆ ತಿದ್ದಿದ ಪ್ಯಾಕಿಂಗ್ ಲಿಸ್ಟ್. ಹಣ ಬಂತು, ಡೆಬಿಟ್ ನೋಟ್‌ನ ಮೊತ್ತ ಮುರಿದುಕೊಂಡೇ ಕಳಿಸಿದರು.

ಶಿಪ್ಪಿಂಗ್ ಬಿಲ್ ತಿದ್ದುವುದು ಬೇರೆಯೇ ಗೋಳು. ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ, ಮಾಲು ಹೋದ ಮೇಲೆ ತಿದ್ದಬೇಕಾದರೆ ಮಾಲು ಹೋಗುವಾಗಲೇ ಇದ್ದ ದಾಖಲೆ ತೋರಿಸಬೇಕು. ಆಮೇಲೆ ಮಾಡಿದ ಪತ್ರ ಅಲ್ಲಿ ನಡೆಯುವುದಿಲ್ಲ. ಪ್ಯಾಕಿಂಗ್ ದಿನ ನಮ್ಮ ಹುಡುಗ ಖಾಲಿ ಕಾರ್ಟನ್, ತುಂಬಿದ ಕಾರ್ಟನ್ ಎರಡನ್ನೂ ತೂಗಿ, ತಾರೀಖು ಹಾಕಿ ಬರೆದಿಟ್ಟ ಚೀಟಿ ಫೈಲಿನಲ್ಲಿ ಇತ್ತು. ಅರ್ಜಿ ಜೊತೆ ಅದನ್ನೇ ಲಗತ್ತಿಸಿದ್ದೇವೆ.