ಶಾಲಾ ಶುಲ್ಕದ ಸಾಫ್ಟ್‌ವೇರ್ ಮಾಡಿಸುವವರೇ, ಎಸ್‌ಆರ್‌ಎಸ್‌ಗೆ ಸಹಿ ಹಾಕುವ ಮುನ್ನ ಇದನ್ನು ಓದಿ

ನಿಮ್ಮ ಶಾಲೆಗೆ ಶುಲ್ಕ ವಸೂಲಿಯ ಸಾಫ್ಟ್‌ವೇರ್ ಮಾಡಿಸುತ್ತಿದ್ದೀರಾ? ಹಾಗಿದ್ದರೆ ಕಂಪನಿಯವರು ಕೊಟ್ಟಿರುವ ಎಸ್‌ಆರ್‌ಎಸ್‌ನಲ್ಲಿ, ಅಂದರೆ ‘ಸಾಫ್ಟ್‌ವೇರ್ ಏನೇನು ಮಾಡಬೇಕು’ ಎಂದು ಬರೆದ ದಾಖಲೆಯಲ್ಲಿ, ಇಂಥದ್ದೊಂದು ಸಾಲು ಇದೆಯೇ ಹುಡುಕಿ:

“ಪೋಷಕರು ಸುಲಭವಾಗಿ ಮತ್ತು ಸುರಕ್ಷಿತವಾಗಿ ಆನ್‌ಲೈನ್‌ನಲ್ಲಿ ಶುಲ್ಕ ಪಾವತಿಸಿ ತಕ್ಷಣ ರಸೀದಿ ಪಡೆಯುವಂತಿರಬೇಕು.”

ಇದ್ದರೆ ಸಹಿ ಹಾಕಬೇಡಿ. ನಮ್ಮ ಶಾಲೆಯ ಆಡಳಿತ ಮಂಡಳಿ ಇದೇ ಸಾಲಿಗೆ ಸಹಿ ಹಾಕಿತ್ತು. ಆಮೇಲಿನ ಪಾಡು ಬಿದ್ದದ್ದು ಲೆಕ್ಕಪತ್ರ ನೋಡುವ ನಮ್ಮ ಮೇಲೆ.

ನಮ್ಮದು ತಾಲ್ಲೂಕು ಕೇಂದ್ರದ ಅನುದಾನರಹಿತ ಶಾಲೆ. ವರ್ಷಕ್ಕೆ ಎರಡು ಕಂತು, ಕೊನೆಯ ದಿನಾಂಕ ದಾಟಿದರೆ ದಂಡ. ಮೊದಲ ಕಂತಿನ ಕೊನೆಯ ದಿನ ಸಂಜೆಯಿಂದಲೇ ಫೋನು ಬಡಿದುಕೊಳ್ಳತೊಡಗಿತು. “ಮೇಡಂ, ಅಕೌಂಟಿಂದ ಹದಿನೆಂಟೂವರೆ ಸಾವಿರ ಕಟ್ ಆಗಿದೆ. ನಿಮ್ಮ ಆ್ಯಪಲ್ಲಿ ಇನ್ನೂ ಬಾಕಿ ಅಂತಾನೇ ತೋರಿಸ್ತಿದೆ, ಏನ್ಮಾಡ್ಲಿ?” ಕೇಳಿದವರು ಹೇಗೋ ಉಳಿದುಕೊಂಡರು. ದಂಡಕ್ಕೆ ಹೆದರಿ ಕೇಳದೆಯೇ ಎರಡನೇ ಸಲ ಕಟ್ಟಿದವರದ್ದು ಬೇರೆಯೇ ಕಥೆ. ಅವರ ಖಾತೆಯಿಂದ ಎರಡು ಸಲ ಹಣ ಹೋಗಿತ್ತು, ನಮ್ಮಲ್ಲಿ ರಸೀದಿ ಒಂದೇ ಇತ್ತು.

ಕಂಪನಿಯವರನ್ನು ಕೇಳಿದರೆ ಅವರು ಮೇಲಿನ ಸಾಲನ್ನೇ ತೆರೆದು ತೋರಿಸಿದರು. “ಆನ್‌ಲೈನ್ ಪಾವತಿ ಇದೆಯಲ್ಲ ಸಾರ್? ಡೆಮೋ ದಿನ ನಿಮ್ಮೆದುರಿಗೇ ಪೇಮೆಂಟ್ ಮಾಡಿದ್ವಿ, ರಸೀದಿ ಬಂತು, ನೀವೂ ಒಪ್ಕೊಂಡ್ರಿ.” ಸುಳ್ಳೇನಲ್ಲ. ಡೆಮೋ ದಿನ ಒಬ್ಬರು, ಒಳ್ಳೆಯ ವೈಫೈನಲ್ಲಿ, ಒಂದು ಸಲ ಪಾವತಿಸಿದ್ದರು. ಆ ಸಾಲಿನ ಪ್ರಕಾರ ಅಷ್ಟೇ ಸಾಕಿತ್ತು.

ತಪ್ಪಿದ್ದು ಎಲ್ಲಿ ಎಂದು ತಿಳಿಯಲು ಹಣದ ಹಾದಿಯನ್ನು ಸ್ವಲ್ಪ ನೋಡಬೇಕು. ಪೋಷಕರು ‘ಪಾವತಿಸಿ’ ಒತ್ತಿದಾಗ ನಮ್ಮ ಸಾಫ್ಟ್‌ವೇರ್ ಪೇಮೆಂಟ್ ಗೇಟ್‌ವೇಯಲ್ಲಿ, ಅಂದರೆ ಪೋಷಕರಿಂದ ಹಣ ಪಡೆದು ನಮಗೆ ದಾಟಿಸುವ ಮಧ್ಯವರ್ತಿ ಸೇವೆಯಲ್ಲಿ, ಒಂದು ಆರ್ಡರ್ ತೆರೆಯುತ್ತದೆ. ಪೋಷಕರು ಯುಪಿಐ ಆ್ಯಪ್‌ಗೆ ಹೋಗಿ ಪಿನ್ ಹಾಕುತ್ತಾರೆ. ಹಣ ಬಂದ ಸುದ್ದಿ ಗೇಟ್‌ವೇಯಿಂದ ನಮಗೆ ಎರಡು ದಾರಿಯಲ್ಲಿ ಬರಬಹುದು. ಒಂದು, ಪೋಷಕರ ಫೋನಿನ ಬ್ರೌಸರ್ ಮರಳಿ ನಮ್ಮ ಪುಟಕ್ಕೆ ಬಂದಾಗ. ಇನ್ನೊಂದು ವೆಬ್‌ಹುಕ್, ಅಂದರೆ ಗೇಟ್‌ವೇಯ ಸರ್ವರ್ ನೇರವಾಗಿ ನಮ್ಮ ಸರ್ವರ್‌ಗೆ ಕಳಿಸುವ ಸೂಚನೆ. ಕಂಪನಿಯವರು ಮೊದಲನೆಯದಕ್ಕೆ ಮಾತ್ರ ಕೋಡ್ ಬರೆದಿದ್ದರು. ಪಿನ್ ಹಾಕಿದ ಮೇಲೆ ಪೋಷಕರು ಫೋನ್ ಜೇಬಿಗಿಟ್ಟರೆ, ನೆಟ್ ಹೋದರೆ, ಕಡಿಮೆ ಮೆಮೊರಿಯ ಫೋನು ಹಿಂದಿದ್ದ ಬ್ರೌಸರನ್ನು ತಾನೇ ಮುಚ್ಚಿಬಿಟ್ಟರೆ, ಆ ಸುದ್ದಿ ನಮಗೆ ಬರುವುದೇ ಇಲ್ಲ. ಹಣ ಮಾತ್ರ ಬಂದಿರುತ್ತದೆ.

ದಾಖಲೆಯ ಮುಖಪುಟದಲ್ಲಿ ‘ಐಇಇಇ 830 ಮಾದರಿ’ ಎಂದು ದೊಡ್ಡದಾಗಿ ಇತ್ತು. ಎಸ್‌ಆರ್‌ಎಸ್ ಬರೆಯುವ ಬಗೆ ಹೇಳುವ 1998ರ ಆ ಮಾದರಿಯಲ್ಲಿ ಹೊರಗಿನ ಸಂಪರ್ಕಗಳಿಗೆ, ಕೆಲಸಗಳಿಗೆ, ಕಾರ್ಯಕ್ಷಮತೆಗೆ ಬೇರೆಬೇರೆ ಭಾಗಗಳಿವೆ. ಅದರ ಜಾಗಕ್ಕೆ 2011ರಲ್ಲಿ ಐಎಸ್‌ಒ/ಐಇಸಿ/ಐಇಇಇ 29148 ಬಂದಿದೆ, 2018ರಲ್ಲಿ ಅದೂ ಪರಿಷ್ಕಾರವಾಗಿದೆ. ಹಳೆಯ ಮಾದರಿ ಬಳಸಿದ್ದಕ್ಕೆ ನನ್ನ ತಕರಾರಿಲ್ಲ. ಶೀರ್ಷಿಕೆಗಳೆಲ್ಲ ಸರಿಯಾಗಿಯೇ ಇದ್ದವು. ಕೆಳಗೆ ಬರೆದದ್ದು ಮಾತ್ರ ಕಲಸುಮೇಲೋಗರ. ಫಂಕ್ಷನಲ್ ಅಡಿಯಲ್ಲಿ ಮೇಲಿನ ಸಾಲು. ನಾನ್-ಫಂಕ್ಷನಲ್ ಅಡಿಯಲ್ಲಿ ‘ವೇಗವಾಗಿರಬೇಕು, ಸದಾ ಲಭ್ಯವಿರಬೇಕು’. ಇಂಟರ್‌ಫೇಸ್ ಅಡಿಯಲ್ಲಿ ‘ಪೇಮೆಂಟ್ ಗೇಟ್‌ವೇ, ಎಸ್‌ಎಂಎಸ್, ಟ್ಯಾಲಿ’ ಎಂಬ ಮೂರು ಹೆಸರು, ಅಷ್ಟೇ.

ಆ ಒಂದು ಸಾಲನ್ನು ಬಿಡಿಸಿ ಬರೆದಿದ್ದರೆ ಹೇಗಿರುತ್ತಿತ್ತು ಎಂದು ಆಮೇಲೆ ಕೂತು ಬರೆದೆವು. ಅದನ್ನೇ ಇಲ್ಲಿ ಕೊಡುತ್ತೇನೆ, ಬೇಕಾದರೆ ಎತ್ತಿಕೊಳ್ಳಿ.

ಮೊದಲು ಫಂಕ್ಷನಲ್, ಅಂದರೆ ಸಾಫ್ಟ್‌ವೇರ್ ಮಾಡಬೇಕಾದ ಕೆಲಸ. “ಪಾವತಿ ಯಶಸ್ವಿಯಾದ ಖಾತ್ರಿ ಬಂದಾಗ ಆ ಕಂತಿನ ಬಾಕಿ ತೀರಿಸಿ, ಮುಂದಿನ ಕ್ರಮಸಂಖ್ಯೆಯ ಒಂದು ರಸೀದಿ ಹೊರಡಿಸಬೇಕು. ಒಂದೇ ಪಾವತಿ ಸಂಖ್ಯೆಯ ಸೂಚನೆ ಎಷ್ಟು ಸಲ ಬಂದರೂ ಎರಡನೇ ರಸೀದಿ ಆಗಬಾರದು.” ಈ ಎರಡನೇ ವಾಕ್ಯ ಬಹಳ ಮುಖ್ಯ. ನಮ್ಮ ಸರ್ವರ್ ಸರಿಯಾಗಿ ಉತ್ತರಿಸದಿದ್ದರೆ ಗೇಟ್‌ವೇ ಅದೇ ಸೂಚನೆಯನ್ನು ಮತ್ತೆ ಕಳಿಸುತ್ತದೆ. ಈ ನಿಯಮ ಇಲ್ಲದೆ ವೆಬ್‌ಹುಕ್ ಒಂದನ್ನೇ ಸೇರಿಸಿದರೆ ರಸೀದಿ ಇಲ್ಲದ ಹಣದ ಬದಲು ಹಣವಿಲ್ಲದ ರಸೀದಿ ಹುಟ್ಟುತ್ತದೆ. ಲೆಕ್ಕ ಪರಿಶೋಧಕರ ಎದುರು ಇದು ಇನ್ನೂ ಕೆಟ್ಟದ್ದು.

ಇದರ ಜೊತೆಗೇ ಇನ್ನೊಂದು: “ಆರ್ಡರ್ ತೆರೆದು ಖಾತ್ರಿ ಬಾರದಿದ್ದಾಗ ಕಂತು ‘ಪರಿಶೀಲನೆಯಲ್ಲಿದೆ’ ಎಂದು ತೋರಿಸಬೇಕು. ಗೇಟ್‌ವೇಯಿಂದ ಸ್ಥಿತಿ ತಿಳಿಯುವವರೆಗೆ ಮತ್ತೆ ಪಾವತಿಸಲು ಬಿಡಬಾರದು.” ಎರಡೆರಡು ಸಲ ಕಟ್ಟುವುದು ನಿಲ್ಲುವುದು ಇಲ್ಲಿ. ಆದರೆ ಎಷ್ಟು ಹೊತ್ತು ತಡೆಯಬೇಕು ಎಂದೂ ಬರೆಯಿರಿ. ಇಲ್ಲದಿದ್ದರೆ ಅರ್ಧಕ್ಕೇ ಕೈಬಿಟ್ಟವರಿಗೂ ಬಾಗಿಲು ಮುಚ್ಚಿಯೇ ಇರುತ್ತದೆ. ನಾವು 30 ನಿಮಿಷ ಎಂದಿಟ್ಟೆವು. ಅಷ್ಟರ ನಂತರ ಸಾಫ್ಟ್‌ವೇರೇ ಗೇಟ್‌ವೇಯನ್ನು ಕೇಳಿ, ವಿಫಲ ಎಂದಾದರೆ ಬಿಡುಗಡೆ ಮಾಡಬೇಕು. ಹೀಗೆ ಬಿಟ್ಟ ಮೇಲೂ ಅಪರೂಪಕ್ಕೆ ಮೊದಲ ಪಾವತಿ ತಡವಾಗಿ ಯಶಸ್ವಿಯಾಗಬಹುದು. ಆಗ ಆ ಹಣ ‘ಹೆಚ್ಚುವರಿ’ ಎಂಬ ಪಟ್ಟಿಗೆ ಹೋಗಬೇಕು, ಮರುಪಾವತಿಗೆ ಯಾರ ಅನುಮತಿ ಬೇಕೆಂದೂ ಇರಬೇಕು. ನಮ್ಮ ದಾಖಲೆಯಲ್ಲಿ ಮರುಪಾವತಿ ಎಂಬ ಪದವೇ ಇರಲಿಲ್ಲ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಒಬ್ಬೊಬ್ಬರಿಗೇ ವಾಪಸ್ ಮಾಡಿದೆವು.

ಇನ್ನು ಇಂಟರ್‌ಫೇಸ್, ಅಂದರೆ ಹೊರಗಿನ ವ್ಯವಸ್ಥೆಗಳ ಜೊತೆಗಿನ ಸಂಪರ್ಕ. ನನ್ನ ಪ್ರಕಾರ ಶುಲ್ಕದ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ಕೆಡುವುದು ಇಲ್ಲೇ, ಏಕೆಂದರೆ ಶಾಲೆಯವರು ಇದನ್ನು ‘ಟೆಕ್ನಿಕಲ್ಲು’ ಎಂದು ಓದುವುದೇ ಇಲ್ಲ. ಗೇಟ್‌ವೇಯಿಂದ ಬರುವ ಸೂಚನೆ ಹೆಚ್ಚುಕಡಿಮೆ ಹೀಗಿರುತ್ತದೆ:

```
{
  "order_id": "FEE-1-0417",
  "payment_id": "P98213",
  "status": "captured",
  "amount": 1850000,
  "created_at": 1718044080
}
```

ಹದಿನೆಂಟೂವರೆ ಲಕ್ಷ ಎಂದು ಗಾಬರಿ ಬೇಡ, ಅದು ಪೈಸೆಯಲ್ಲಿದೆ. ಅನೇಕ ಗೇಟ್‌ವೇಗಳು ಮೊತ್ತವನ್ನು ಪೈಸೆಯಲ್ಲೇ ಕೊಡುತ್ತವೆ. ಕೊನೆಯ ಅಂಕಿ ಸಮಯ: 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು, ಅದೂ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ಇದನ್ನು ನಮ್ಮ ಸಮಯಕ್ಕೆ ತಂದರೆ 2024ರ ಜೂನ್ 10, ರಾತ್ರಿ 11:58. ಜೂನ್ 10 ಕೊನೆಯ ದಿನಾಂಕ ಎಂದುಕೊಳ್ಳಿ. ಸೂಚನೆ ನಮ್ಮ ಸರ್ವರ್ ತಲುಪಿದ್ದು 12:04ಕ್ಕೆ. ದಂಡ ಬೀಳಬೇಕೇ? ನಮ್ಮ ಸಾಫ್ಟ್‌ವೇರ್ ಹಾಕುತ್ತಿತ್ತು, ಏಕೆಂದರೆ ಅದು ನೋಡುತ್ತಿದ್ದದ್ದು ತಾನು ರಸೀದಿ ಮಾಡಿದ ಹೊತ್ತನ್ನು. ‘ದಂಡಕ್ಕೆ ಪೋಷಕರು ಪಾವತಿಸಿದ ಸಮಯವೇ ಲೆಕ್ಕ’ ಎಂಬುದು ಫಂಕ್ಷನಲ್ ನಿಯಮ. ‘ಆ ಸಮಯ created_atನಲ್ಲಿ ಬರುತ್ತದೆ, ಅದನ್ನು ಭಾರತೀಯ ಕಾಲಮಾನಕ್ಕೆ ಬದಲಿಸಿಕೊಳ್ಳಬೇಕು’ ಎಂಬುದು ಇಂಟರ್‌ಫೇಸ್ ನಿಯಮ. ಎರಡನೆಯದನ್ನು ಬಿಟ್ಟರೆ ಜೂನ್ 11ರ ಬೆಳಗಿನ ಜಾವ 2 ಗಂಟೆಗೆ ಕಟ್ಟಿದವರದ್ದು ಜೂನ್ 10ರ ಪಾವತಿ ಎಂದೇ ದಾಖಲಾಗುತ್ತದೆ, ಯುಟಿಸಿ ನಮಗಿಂತ ಐದೂವರೆ ಗಂಟೆ ಹಿಂದಿದೆ.

ಹಾಗಾಗಿ ಗೇಟ್‌ವೇ ಎಂದು ಹೆಸರು ಬರೆದರೆ ಸಾಲದು. ಸೂಚನೆ ಗೇಟ್‌ವೇಯಿಂದಲೇ ಬಂದದ್ದು ಎಂದು ತೋರಿಸುವ ಡಿಜಿಟಲ್ ಸಹಿಯನ್ನು ಪರಿಶೀಲಿಸಿದ ಮೇಲೆಯೇ ನಂಬಬೇಕು. ಡೇಟಾಬೇಸ್‌ನಲ್ಲಿ ಉಳಿಸಿದ ಮೇಲೆಯೇ ‘ತಲುಪಿತು’ ಎಂದು ಉತ್ತರಿಸಬೇಕು. ವೆಬ್‌ಹುಕ್ಕೂ ಬಾರದಿದ್ದರೆ ಸಾಫ್ಟ್‌ವೇರ್ ತಾನಾಗಿಯೇ ಗೇಟ್‌ವೇಗೆ ಆರ್ಡರ್ ಸಂಖ್ಯೆ ಕೊಟ್ಟು ಸ್ಥಿತಿ ಕೇಳಬೇಕು. ಇಷ್ಟು ಬರೆದಿರಲಿ.

ಗೇಟ್‌ವೇಯಿಂದ ಬರುವ ಸೆಟಲ್‌ಮೆಂಟ್ ವರದಿಯನ್ನೂ ಇದೇ ಭಾಗದಲ್ಲಿ ಸೇರಿಸಿ. ಬ್ಯಾಂಕಿಗೆ ಹಣ ಒಬ್ಬೊಬ್ಬರ ಹೆಸರಿನಲ್ಲಿ ಬರುವುದಿಲ್ಲ, ಒಟ್ಟಾಗಿ ಬರುತ್ತದೆ, ಗೇಟ್‌ವೇಯ ಶುಲ್ಕ ಕಳೆದು ಬರುತ್ತದೆ. ಮೂವರು ತಲಾ ₹18,500 ಕಟ್ಟಿದರೆ ನಾವು ಕೊಟ್ಟ ರಸೀದಿಗಳ ಮೊತ್ತ ₹55,500. ಅವರಲ್ಲಿ ಒಬ್ಬರು ಕ್ರೆಡಿಟ್ ಕಾರ್ಡ್ ಬಳಸಿದ್ದು, ಅದಕ್ಕೆ ಶೇ. 2 ಶುಲ್ಕ ಎಂದುಕೊಳ್ಳೋಣ: ₹370, ಅದರ ಮೇಲೆ ಶೇ. 18 ಜಿಎಸ್‌ಟಿ ₹66.60. ಉಳಿದಿಬ್ಬರದ್ದು ಯುಪಿಐ, ಅದಕ್ಕೆ ಶುಲ್ಕವಿಲ್ಲ ಎಂದಿಟ್ಟುಕೊಂಡರೂ ಪಾಸ್‌ಬುಕ್ಕಿನಲ್ಲಿ ಕಾಣುವುದು ₹55,063.40. ಈ ವರದಿಯನ್ನು ಸಾಫ್ಟ್‌ವೇರ್ ಓದಿ ಹೊಂದಿಸದಿದ್ದರೆ ನೂರಾರು ಪಾವತಿಗಳ ದಿನ ಯಾವ ಮೊತ್ತ ಯಾವ ಮಗುವಿನದ್ದು ಎಂದು ಕೈಯಲ್ಲಿ ಹುಡುಕಬೇಕು. ನಾವು ಹುಡುಕಿದೆವು.

ಕೊನೆಗೆ ನಾನ್-ಫಂಕ್ಷನಲ್, ಅಂದರೆ ಆ ಕೆಲಸ ಎಷ್ಟು ಚೆನ್ನಾಗಿ ಆಗಬೇಕು ಎಂಬುದು. ‘ವೇಗ’, ‘ತಕ್ಷಣ’ ಎಂಬುದಕ್ಕೆ ಅಳತೆ ಬೇಕು. “ಏಕಕಾಲಕ್ಕೆ 150 ಪೋಷಕರು ಬಳಸುತ್ತಿರುವಾಗ, ಬಾಕಿ ತೋರಿಸುವ ಪುಟ ಶೇ. 95 ಸಲ 3 ಸೆಕೆಂಡಿನೊಳಗೆ ತೆರೆಯಬೇಕು. ಪಾವತಿಯ ಖಾತ್ರಿ ನಮ್ಮ ಸರ್ವರ್ ತಲುಪಿದ 60 ಸೆಕೆಂಡಿನೊಳಗೆ ರಸೀದಿ ಸಿದ್ಧವಾಗಬೇಕು.” ಸಂಖ್ಯೆಗಳು ನಿಮ್ಮ ಶಾಲೆಯ ಗಾತ್ರಕ್ಕೆ ತಕ್ಕಂತೆ ಇರಲಿ. ಆದರೆ ಗಡಿಯಾರ ಎಲ್ಲಿಂದ ಶುರು ಎಂಬುದನ್ನು ಗಮನಿಸಿ. ಪೋಷಕರು ಪಿನ್ ಹಾಕಿದ ಕ್ಷಣದಿಂದ ಎಣಿಸಿದರೆ ಬ್ಯಾಂಕಿನ ವಿಳಂಬವೂ ಕಂಪನಿಯ ತಲೆಗೆ ಬರುತ್ತದೆ, ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಖಾತ್ರಿ ತಲುಪಿದ ಕ್ಷಣದಿಂದ ಎಣಿಸಿದರೆ ನುಣುಚಿಕೊಳ್ಳಲು ದಾರಿಯಿರುವುದಿಲ್ಲ.

ನಮ್ಮ ಕಂಪನಿ ಇದನ್ನೆಲ್ಲ ‘ಹೊಸ ಕೆಲಸ’ ಎಂದು ಬೇರೆ ಹಣ ಕೇಳಿತು. ದಾಖಲೆಯಲ್ಲಿ ಇಲ್ಲದ ಕಾರಣ ಮಂಡಳಿ ವಾದಿಸಿ ಸೋತಿತು.

ನೀವು ಒಪ್ಪಿಗೆ ಕೊಡುವ ಮೊದಲು ಗೇಟ್‌ವೇಯ ಟೆಸ್ಟ್ ಮೋಡ್‌ನಲ್ಲಿ ಹೀಗೆ ಮಾಡಿಸಿ. ಪಾವತಿ ಖಚಿತವಾದ ಕ್ಷಣ, ಬ್ರೌಸರ್ ಮರಳಿ ಬರುವ ಮುನ್ನ ಫೋನಿನ ಡೇಟಾ ಆಫ್ ಮಾಡಿ, ಆಫೀಸಿನ ಕಂಪ್ಯೂಟರಿನಲ್ಲಿ ಆ ವಿದ್ಯಾರ್ಥಿಯ ಖಾತೆ ತೆರೆದಿಟ್ಟುಕೊಳ್ಳಿ. ಒಂದು ನಿಮಿಷದಲ್ಲಿ ರಸೀದಿ ಬಂದರೆ ವೆಬ್‌ಹುಕ್ ಇದೆ. ನಂತರ ಇನ್ನೊಂದು ಪಾವತಿಗೆ ಆರ್ಡರ್ ತೆರೆದ ಮೇಲೆ ಸರ್ವರನ್ನೇ ನಿಲ್ಲಿಸಿ ಆ ಪಾವತಿ ಮುಗಿಸಿ, ಹತ್ತು ನಿಮಿಷ ಬಿಟ್ಟು ಸರ್ವರ್ ಶುರು ಮಾಡಿಸಿ. ಆಗಲೂ ಯಾರೂ ಮುಟ್ಟದೆ ರಸೀದಿ ಬರಬೇಕು, ಒಂದೇ ಬರಬೇಕು. ‘ಅದನ್ನ ನಾವು ಬ್ಯಾಕೆಂಡ್‌ನಲ್ಲಿ ಸರಿ ಮಾಡ್ತೀವಿ ಸಾರ್’ ಎಂದರೆ ಕೊನೆಯ ಕಂತಿನ ಚೆಕ್ ಕೊಡಬೇಡಿ.