ಸಾಲು ಹೇಳಿಸುವುದೋ, ಚೀಟಿ ಹಂಚುವುದೋ: ಒಂದೇ ದೇವರನಾಮ, ಎರಡು ತಂಡ

ಗೋಕುಲಾಷ್ಟಮಿಗೆಂದು ನಮ್ಮ ಭಜನಾ ಮಂಡಳಿಯ ಹಿರಿಯರೊಬ್ಬರು ಒಂದು ಹೊಸ ದೇವರನಾಮವನ್ನು ಬರೆದುಕೊಟ್ಟರು, ಅದಕ್ಕೆ ನಾನು ಮೋಹನ ರಾಗ, ಆದಿತಾಳದಲ್ಲಿ ಧಾಟಿ ಕೂಡಿಸಿದೆ. ಹಬ್ಬದ ದಿನ ಸುಮಾರು 120 ಮಂದಿ ಅದನ್ನು ಒಟ್ಟಿಗೆ ಹಾಡಬೇಕಿತ್ತು. ಅವರಲ್ಲಿ ಸಂಗೀತ ಕಲಿತವರು ಹತ್ತು ಹನ್ನೆರಡು ಜನರಿದ್ದರೆ ಹೆಚ್ಚು. ಎಲ್ಲರೂ ಒಂದೇ ಹೊತ್ತಿಗೆ ಬರಲು ಆಗುತ್ತಿರಲಿಲ್ಲವಾದ್ದರಿಂದ ಬೆಳಗಿನ ತಂಡ, ಸಂಜೆಯ ತಂಡ ಎಂದು ಎರಡು ಪಾಲು ಮಾಡಿಕೊಂಡೆವು. ಹೊಸ ಹಾಡನ್ನು ದೊಡ್ಡ ಗುಂಪಿಗೆ ಹೇಳಿಕೊಡುವಾಗ ಕಿವಿಯನ್ನು ನಂಬಬೇಕೋ ಕಾಗದವನ್ನು ನಂಬಬೇಕೋ ಎಂಬ ನನ್ನ ಬಹುದಿನದ ಅನುಮಾನವನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದೆಂದು ಅನ್ನಿಸಿತು. ಬೆಳಗಿನವರಿಗೆ ಕಾಗದವನ್ನೇ ಕೊಡದೆ ಒಂದೊಂದು ಸಾಲನ್ನು ಹಾಡಿ, ಅದನ್ನೇ ತಿರುಗಿ ಹಾಡಿಸಿದೆ. ಸಂಜೆಯವರಿಗೆ ಮೊದಲೇ ಮುದ್ರಿತ ಚೀಟಿ ಹಂಚಿ, ಪೂರ್ತಿ ಹಾಡನ್ನು ಹಾಡಿ ತೋರಿಸಿ, ನನ್ನ ಜೊತೆಯಲ್ಲೇ ಹಾಡಲು ಹೇಳಿದೆ. ಇಬ್ಬರಿಗೂ ತಲಾ ನಾಲ್ಕು ಪಾಠ, ಒಂದೊಂದೂ 50 ನಿಮಿಷ.

ಹಾಡಿನ ಪಲ್ಲವಿ ಇಷ್ಟು:

ನಿನ್ನಡಿಗೆರಗುವೆ ನೀಲಮೇಘಶ್ಯಾಮ
ಬೆಣ್ಣೆಯ ಕಳ್ಳನೆ ಬಾರೋ ಬೇಗ

ಇದರ ನಂತರ ಒಂದೇ ಧಾಟಿಯ ಮೂರು ಚರಣಗಳಿವೆ. ಅವು ಕ್ರಮವಾಗಿ ‘ಗೋಕುಲದೊಳು’, ‘ಗೋವರ್ಧನವನು’, ‘ಗೋಪಾಲಕರೊಡನೆ’ ಎಂದು ಶುರುವಾಗುತ್ತವೆ. ಮೂರೂ ‘ಗೋ’ದಿಂದಲೇ ಹೊರಡುವುದು ಓದಲು ಸೊಗಸು, ನೆನಪಿಟ್ಟುಕೊಳ್ಳುವವರಿಗೆ ಬಲೆ. ಧಾಟಿಯಲ್ಲಿಯೂ ಎರಡು ತೊಡಕುಗಳಿದ್ದವು. ಪಲ್ಲವಿಯು ತಾಳದ ಮೊದಲ ತಟ್ಟಿನ ಮೇಲೆ ಬಾರದೆ ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳುತ್ತದೆ, ಮತ್ತು ‘ನೀಲಮೇಘ’ದಲ್ಲಿ ಸ್ವರವು ತಾರ ಷಡ್ಜವನ್ನು ಮುಟ್ಟಿ ಇಳಿಯುತ್ತದೆ.

ಮೊದಲು ಬೆಳಗಿನ ತಂಡದ ವಿಷಯ. ಒಂದು ಸಲಕ್ಕೆ ಎಷ್ಟು ಹೇಳಿಕೊಡಬೇಕು ಎಂಬಲ್ಲಿಯೇ ನಾನು ಮೊದಲ ದಿನ ಎಡವಿದೆ. ನಿಮಿಷಕ್ಕೆ 72 ಎಣಿಕೆಯ ನಡೆಯಲ್ಲಿ ಆದಿತಾಳದ ಎಂಟು ಎಣಿಕೆಯ ಒಂದು ಆವರ್ತನೆಗೆ ಏಳು ಸೆಕೆಂಡಿಗೆ ತುಸು ಕಡಿಮೆ ಹಿಡಿಯುತ್ತದೆ. ಪಲ್ಲವಿಯ ಎರಡೂ ಸಾಲನ್ನು ಸೇರಿಸಿ ಹೇಳಿಕೊಟ್ಟರೆ ಹದಿಮೂರು ಸೆಕೆಂಡು ದಾಟುತ್ತದೆ. ಅಷ್ಟು ಹೊತ್ತು ಕೇಳಿದವರಿಗೆ ‘ಬಾರೋ ಬೇಗ’ ಮಾತ್ರ ಕಿವಿಯಲ್ಲಿ ಉಳಿದಿರುತ್ತದೆ, ಆರಂಭ ಆಗಲೇ ಹಾರಿಹೋಗಿರುತ್ತದೆ. ಒಂದೇ ಆವರ್ತನೆಗೆ ಇಳಿಸಿದ ಮೇಲೆ ಪಾಠ ಹಿಡಿತಕ್ಕೆ ಬಂದಿತು, ಮೇಲೇರುವ ‘ನೀಲಮೇಘಶ್ಯಾಮ’ವನ್ನು ಮಾತ್ರ ಬೇರೆಯಾಗಿ ಕತ್ತರಿಸಿ ಹೇಳಿಕೊಟ್ಟೆ. ವೇದಪಾಠದ ಸಂತೆಯಲ್ಲಿ ಗುರು ಒಮ್ಮೆ ಹೇಳಿದ್ದನ್ನು ಶಿಷ್ಯರು ಎರಡು ಸಲ ಹೇಳುವ ಪದ್ಧತಿಯಿದೆಯಷ್ಟೆ. ಅದನ್ನೇ ಇಲ್ಲಿಯೂ ಅನುಸರಿಸಿದೆ. ಮೊದಲ ಸಲ ಜನ ನನ್ನನ್ನು ಹಿಂಬಾಲಿಸುತ್ತಾರೆ, ಎರಡನೆಯ ಸಲ ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ. ತಪ್ಪು ತಿದ್ದಿಕೊಳ್ಳುವುದು ಆ ಎರಡನೆಯ ಸಲದಲ್ಲಿಯೇ. ಆಗ ನಾನು ಬಾಯಿ ಮುಚ್ಚಿಕೊಂಡು ಮೈಕನ್ನು ಪಕ್ಕಕ್ಕೆ ತಿರುಗಿಸುವುದನ್ನು ರೂಢಿಸಿಕೊಳ್ಳಬೇಕಾಯಿತು. ಅವರ ಸರದಿಯಲ್ಲಿಯೂ ನಾನು ಹಾಡುತ್ತಿದ್ದರೆ ನನಗೆ ಕೇಳಿಸುವುದು ನನ್ನ ದನಿಯೇ, ಅವರು ಎಲ್ಲಿ ಜಾರಿದರೆಂಬುದು ತಿಳಿಯುವುದಿಲ್ಲ.

ಸಭಾಂಗಣದ ಉದ್ದವೂ ಒಂದು ತೊಂದರೆಯಾಯಿತು. ಮೊದಲ ದಿನ ಮೈಕ್ ಇಲ್ಲದೆ ಒಂದು ತುದಿಯಲ್ಲಿ ನಿಂತು ಹೇಳಿಕೊಡುತ್ತಿದ್ದೆ, ಕೊನೆಯ ಸಾಲು ಅಲ್ಲಿಂದ ಸುಮಾರು 30 ಮೀಟರ್ ದೂರದಲ್ಲಿತ್ತು. ಶಬ್ದವು ಸೆಕೆಂಡಿಗೆ 340 ಮೀಟರಿನಷ್ಟು ಸಾಗುವುದರಿಂದ ನನ್ನ ದನಿ ಅಲ್ಲಿಗೆ ಮುಟ್ಟಿ ಅವರ ದನಿ ನನ್ನ ಬಳಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಸೆಕೆಂಡಿನ ಐದನೆಯ ಒಂದು ಪಾಲು ಕಳೆದಿರುತ್ತದೆ. ಅಷ್ಟರಿಂದ ಏನಾದೀತು ಎನ್ನಬಹುದು. ಆದರೆ ನಾನು ಬಿಡಿಸಿ ಹೇಳಿಕೊಡುತ್ತಿದ್ದ ಅರ್ಧ ಎಣಿಕೆಯೇ ಒಂದು ಸೆಕೆಂಡಿನ ಅರ್ಧಕ್ಕಿಂತ ಕಡಿಮೆ. ಹಿಂದಿನವರು ಅದರಲ್ಲಿ ಅರ್ಧದಷ್ಟು ತಡವಾಗಿ ಕೇಳಿಸತೊಡಗಿದರೆ, ಮುಂದಿನವರು ಅವರಿಗಾಗಿ ಎಳೆಯುತ್ತಾರೆ, ನಡೆ ನಿಧಾನವಾಗಿ ಕುಸಿಯುತ್ತದೆ. ಎರಡನೆಯ ದಿನ ತುದಿಯನ್ನು ಬಿಟ್ಟು ಉದ್ದನೆಯ ಗೋಡೆಯ ನಡುವಿನಲ್ಲಿ ನಿಂತೆ, ತಾಳ ಹಾಕುವವರನ್ನು ಪಕ್ಕದಲ್ಲಿಯೇ ಕೂರಿಸಿಕೊಂಡೆ, ಸಂಗೀತ ಬಲ್ಲವರನ್ನು ಮುಂದಿನ ಸಾಲಿನಿಂದ ಎಬ್ಬಿಸಿ ಎರಡೂ ತುದಿಗಳಿಗೆ ಹಂಚಿದೆ. ಮುಂದಿನ ಸಾಲು ಕೈತಪ್ಪಿದ್ದಕ್ಕೆ ಅವರಲ್ಲಿ ಒಬ್ಬಿಬ್ಬರಿಗೆ ಬೇಸರವಾದದ್ದು ನಿಜ, ನಡೆ ಕುಸಿಯುವುದಂತೂ ನಿಂತಿತು.

ಕಿವಿಯ ದಾರಿಗೆ ಇನ್ನೂ ಎರಡು ದೋಷಗಳಿವೆ. ಒಂದು, ತಪ್ಪಾಗಿ ಕೇಳಿಸಿಕೊಳ್ಳುವುದು. ‘ನಿನ್ನಡಿಗೆರಗುವೆ’ ಎಂಬಲ್ಲಿ ‘ಅಡಿಗೆ ಎರಗುವೆ’ ಎಂಬ ಸಂಧಿಯು ಹಾಡಿನ ಓಟದಲ್ಲಿ ಕರಗಿಹೋಗುತ್ತದೆ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಎರಡು ಪಾಠ ಮುಗಿಯುವವರೆಗೂ ತುಂಬು ಭಕ್ತಿಯಿಂದ ‘ನಿನ್ನಡುಗೆ’ ಎಂದೇ ಹಾಡಿದರು, ಅಕ್ಕಪಕ್ಕದ ನಾಲ್ವರು ಅವರ ಗಟ್ಟಿ ದನಿಯನ್ನೇ ನಂಬಿ ಕೃಷ್ಣನ ಅಡುಗೆಗೆ ಎರಗಿದರು. ಗುಂಪಿನಲ್ಲಿ ತಪ್ಪು ಹರಡುವುದು ಹೇಳಿಕೊಡುವವರಿಂದಲ್ಲ, ಪಕ್ಕದವರಿಂದ. ಇದು ಗೊತ್ತಾದ ಮೇಲೆ ಪ್ರತಿ ಸಾಲನ್ನೂ ಹಾಡುವ ಮೊದಲು ಒಮ್ಮೆ ಪದ ಬಿಡಿಸಿ ಮಾತಿನಲ್ಲಿ ಹೇಳತೊಡಗಿದೆ.

ಎರಡನೆಯದು ಇದಕ್ಕಿಂತ ಗಂಭೀರ, ಮತ್ತು ಅದು ನನ್ನ ಕಣ್ಣಿಗೆ ಬಿದ್ದದ್ದು ಮೂರನೆಯ ಪಾಠದಲ್ಲಿ. ಸಾಲು ಹೇಳಿ ಸಾಲು ಹೇಳಿಸಿದಾಗ ಪ್ರತಿ ಸಾಲಿನ ನಂತರ ನನ್ನ ಸರದಿಗೆಂದು ಅವರು ಒಂದು ಆವರ್ತನೆ ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯೂ ಹಾಡಿನ ಜೊತೆಗೇ ಕಂಠಪಾಠವಾಗಿಬಿಡುತ್ತದೆ. ಇನ್ನು ನೀವೇ ಹಾಡಿ ಎಂದು ನಾನು ಕೈ ಬಿಟ್ಟಾಗ ಇಡೀ ತಂಡ ಮೊದಲ ಸಾಲು ಹಾಡಿ ನಿಂತು ನನ್ನ ಮುಖ ನೋಡಿತು. ಸಾಲುಗಳು ಬಂದಿದ್ದವು, ಸಾಲಿನಿಂದ ಸಾಲಿಗೆ ದಾಟುವುದು ಬಂದಿರಲಿಲ್ಲ. ಆದ್ದರಿಂದ ಸಾಲು ಕಲಿಸಿದ ಕೂಡಲೇ ಅದರ ಕೊನೆಯ ಪದವನ್ನೂ ಮುಂದಿನ ಸಾಲಿನ ಮೊದಲ ಪದವನ್ನೂ ಹೊಲಿದು, ‘ನೀಲಮೇಘಶ್ಯಾಮ ಬೆಣ್ಣೆಯ’ ಎಂದು ಆ ಕೂಡುಗಂಟನ್ನೇ ಒಂದು ಪಾಠವಾಗಿ ಹೇಳಿಸಬೇಕಾಯಿತು.

ಸಂಜೆಯ ತಂಡದ ಮೊದಲ ಚೀಟಿಯಲ್ಲಿ ಪೂರ್ತಿ ಸಾಹಿತ್ಯವಿತ್ತು. ಹಂಚಿದ ಮರುಕ್ಷಣವೇ ತಲೆಗಳೆಲ್ಲ ಬಾಗಿದವು, ದನಿ ಕಾಗದದೊಳಕ್ಕೆ ಇಳಿಯಿತು, ನನ್ನ ಕೈಯ ತಾಳವನ್ನು ನೋಡುವವರೇ ಇಲ್ಲವಾದರು. ಹಿರಿಯರಿಗೆ ಕಾಣಲೆಂದು ಅಕ್ಷರ ದೊಡ್ಡದು ಮಾಡಿಸಿದ್ದರಿಂದ ಮೊದಲ ಸಾಲು ಕಾಗದದ ಅಗಲಕ್ಕೆ ಹಿಡಿಸದೆ ‘ಶ್ಯಾಮ’ ಎಂಬುದು ಕೆಳಗೆ ಬಿದ್ದಿತ್ತು. ಪರಿಣಾಮವಾಗಿ ಅರವತ್ತು ಮಂದಿಯೂ ‘ನೀಲಮೇಘ’ ಎಂದು ನಿಲ್ಲಿಸಿ ಉಸಿರೆಳೆದುಕೊಂಡು ‘ಶ್ಯಾಮ’ ಎಂದರು. ಯಾರೂ ಹೇಳಿಕೊಡದಿದ್ದರೂ ಎಲ್ಲರೂ ಒಮ್ಮತದಿಂದ ಮಾಡಿದ ಏಕೈಕ ಕೆಲಸ ಅದು. ಅಚ್ಚಿನಲ್ಲಿ ಸಾಲು ಎಲ್ಲಿ ಮುರಿಯುತ್ತದೆಯೋ ಅಲ್ಲಿ ಉಸಿರು ಮುರಿಯುತ್ತದೆ ಎಂಬುದು ಆ ಸಂಜೆ ನನಗೆ ಮನದಟ್ಟಾಯಿತು. ಅರ್ಧ ಎಣಿಕೆಯ ಗತಿಯೂ ಹಾಗೆಯೇ ಆಯಿತು. ಮೊದಲ ಅಕ್ಷರ ಕಣ್ಣಿಗೆ ಕಾಣುತ್ತಿರುವಾಗ ತಟ್ಟು ಬಿದ್ದರೆ ಬಾಯಿ ತಡೆಯುವುದಿಲ್ಲ, ತಟ್ಟಿನ ಮೇಲೆಯೇ ಶುರುವಾಗುತ್ತದೆ.

ಎರಡನೆಯ ಪಾಠಕ್ಕೆ ಚೀಟಿಯನ್ನೇ ಬದಲಿಸಿದೆ. ಅಂಗೈಯಗಲದ ದಪ್ಪ ಕಾಗದದಲ್ಲಿ ಪ್ರತಿ ಸಾಲಿನ ಮೊದಲ ಪದ ಮಾತ್ರ, ಎಷ್ಟು ಸಲ ಎಂಬುದು, ಮತ್ತು ತಟ್ಟಿನ ನಂತರ ಎತ್ತಿಕೊಳ್ಳಬೇಕಾದಲ್ಲಿ ಪದದ ಮುಂದೆ ಒಂದು ಚುಕ್ಕೆ.

● ನಿನ್ನಡಿಗೆ… (2 ಸಲ)
ಬೆಣ್ಣೆಯ…
ಗೋಕುಲ… → ಪಲ್ಲವಿ
ಗೋವರ್ಧನ… → ಪಲ್ಲವಿ
ಗೋಪಾಲಕ… → ಪಲ್ಲವಿ (ಕೊನೆಗೆ 3 ಸಲ)

ತೆಳು ಕಾಗದವಾಗಿದ್ದರೆ ಫ್ಯಾನಿನ ಗಾಳಿಗೆ ಹಾರುತ್ತಿತ್ತು, ತಿರುವಿದಾಗಲೆಲ್ಲ ಸದ್ದೂ ಆಗುತ್ತಿತ್ತು. ದಪ್ಪ ಚೀಟಿಯಿಂದ ಆ ಕಾಟ ತಪ್ಪಿತು. ತಲೆಗಳೂ ಮೇಲೆದ್ದವು. ‘ಗೋವರ್ಧನ’ದ ಮಹಾಪ್ರಾಣವು ಬೆಳಗಿನವರಿಗಿಂತ ಸಂಜೆಯವರಲ್ಲಿಯೇ ಸ್ಪಷ್ಟವಾಗಿತ್ತು, ಅದು ಅಚ್ಚಿನ ಉಪಕಾರ. ಆದರೆ ಕನ್ನಡ ಮಾತಾಡಬಲ್ಲ, ಓದಲು ಬಾರದ ಕೆಲವರು ಗುಂಪಿನಲ್ಲಿದ್ದರು. ಅವರಲ್ಲೊಬ್ಬರು ತಮಿಳು ಲಿಪಿಯಲ್ಲಿ ಬರೆದುಕೊಂಡರು. ಆ ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದ್ದರಿಂದ ‘ಗೋಕುಲ’ ಅವರ ಬಾಯಲ್ಲಿ ಆಗಾಗ ‘ಕೋಕುಲ’ವಾಗುತ್ತಿತ್ತು.

ನಾಲ್ಕು ಪಾಠ ಮುಗಿದು ಒಂದು ವಾರ ಬಿಟ್ಟು ಎರಡೂ ತಂಡಗಳನ್ನು ಬೇರೆಬೇರೆಯಾಗಿ, ಚೀಟಿಯಿಲ್ಲದೆ, ನಾನು ದನಿ ಸೇರಿಸದೆ, ಶ್ರುತಿಪೆಟ್ಟಿಗೆ ಮತ್ತು ತಾಳದ ಜೊತೆಗಷ್ಟೇ ಹಾಡಿಸಿದೆ. ಬೆಳಗಿನವರು ಅರ್ಧ ಎಣಿಕೆ ಬಿಟ್ಟು ಸರಿಯಾಗಿ ಎತ್ತಿಕೊಂಡರು, ತಾರ ಷಡ್ಜವನ್ನೂ ಮುಟ್ಟಿದರು. ಆದರೆ ಎರಡನೆಯ ಚರಣಕ್ಕೆ ಬಂದಾಗ ಅರ್ಧ ಸಭೆ ಗೋವರ್ಧನವನ್ನೆತ್ತಿದರೆ ಇನ್ನರ್ಧ ಗೋಪಾಲಕರೊಡನೆ ಹೊರಟಿತು, ಹಾಡು ಅಲ್ಲಿಗೆ ನಗುವಿನಲ್ಲಿ ಮುಗಿಯಿತು. ಸಂಜೆಯವರು ಮೂರೂ ಚರಣಗಳನ್ನು ಕ್ರಮ ತಪ್ಪದೆ ಹಾಡಿದರು. ಧಾಟಿ ಮಾತ್ರ ಚಪ್ಪಟೆಯಾಗಿತ್ತು. ‘ನೀಲಮೇಘ’ ಮೇಲೇರದೆ ಪಂಚಮದಲ್ಲಿಯೇ ಸುತ್ತುತ್ತಿತ್ತು, ಎತ್ತಿಕೊಳ್ಳುವುದು ಚುಕ್ಕೆಯಿಲ್ಲದ ಕೂಡಲೇ ಮತ್ತೆ ತಟ್ಟಿನ ಮೇಲೆಯೇ ಬಂದಿತ್ತು.

ಇಷ್ಟಕ್ಕೇ ನಿಂತಿದ್ದರೆ ಎರಡೂ ಸಮ ಎನ್ನಬಹುದಿತ್ತು. ತಿದ್ದಲು ಹಿಡಿದ ಸಮಯ ಬೇರೆಯೇ ಕಥೆ ಹೇಳಿತು. ಬೆಳಗಿನ ತಂಡಕ್ಕೆ ಅದೇ ಸಣ್ಣ ಚೀಟಿಯನ್ನು ಕೊಟ್ಟ ಹತ್ತು ನಿಮಿಷದಲ್ಲಿ ಚರಣಗಳ ಕ್ರಮ ಸರಿಹೋಯಿತು. ಸಂಜೆಯ ತಂಡದ ಧಾಟಿಯನ್ನು ತಿದ್ದಲು ಚೀಟಿಗಳನ್ನು ಹಿಂದಕ್ಕೆ ತೆಗೆದುಕೊಂಡು, ಸಾಲು ಸಾಲಾಗಿ ಹೇಳಿಸಿ, ಮತ್ತೆರಡು ಪೂರ್ತಿ ಪಾಠ ಮಾಡಬೇಕಾಯಿತು. ಏಕೆಂದರೆ ಅವರು ಹೊಸದಾಗಿ ಕಲಿಯುವುದಕ್ಕೆ ಮುಂಚೆ, ತಾವೇ ಕಟ್ಟಿಕೊಂಡಿದ್ದ ಸಪ್ಪೆ ಧಾಟಿಯನ್ನು ಮರೆಯಬೇಕಿತ್ತು. ಕಿವಿಯಿಂದ ಕಲಿತ ಹಾಡಿಗೆ ಚೀಟಿಯನ್ನು ಆಮೇಲೆ ಜೋಡಿಸಬಹುದು, ಚೀಟಿಯಿಂದ ಕಲಿತ ಹಾಡಿಗೆ ಧಾಟಿಯನ್ನು ಆಮೇಲೆ ಜೋಡಿಸುವುದು ಬಹಳ ಕಷ್ಟ. ಹಾಗಾಗಿ ಈಗ ನಾನು ಪಲ್ಲವಿಯನ್ನೂ ಮೊದಲ ಚರಣವನ್ನೂ ಬರಿಗೈಯಲ್ಲಿ ಹೇಳಿಸಿ, ಅವು ನನ್ನ ದನಿಯಿಲ್ಲದೆ ಒಮ್ಮೆ ನಿಂತ ಮೇಲಷ್ಟೇ ಚೀಟಿ ಹಂಚುತ್ತೇನೆ. ಉಳಿದ ಚರಣಗಳ ಧಾಟಿ ಅದೇ ಆದ್ದರಿಂದ ಅವುಗಳ ಸಾಹಿತ್ಯವನ್ನು ಒಂದೆರಡು ಸಲ ಓದಿಸಿ ಹಾಡಿಸಿದರೆ ಸಾಕಾಗುತ್ತದೆ. ಚರಣ ಚರಣಕ್ಕೂ ಧಾಟಿ ಬದಲಾಗುವ ಹಾಡಿಗೆ ಈ ಉಳಿತಾಯ ಸಿಗದು, ಅಲ್ಲಿ ಪೂರ್ತಿ ಹಾಡನ್ನೂ ಹೇಳಿಸಲೇಬೇಕು. ಒಂದೇ ಪಾಠದಲ್ಲಿ ಎಂಟು ಹತ್ತು ಚರಣಗಳನ್ನು ಮುಗಿಸಬೇಕಾದ ಅವಸರವಿದ್ದರೆ ಪಲ್ಲವಿಯನ್ನು ಮಾತ್ರ ಎಲ್ಲರಿಗೂ ಕಲಿಸಿ, ಚರಣಗಳನ್ನು ಬಲ್ಲ ನಾಲ್ಕು ಮಂದಿಗೆ ಬಿಟ್ಟುಬಿಡುತ್ತೇನೆ.

ಅಷ್ಟಮಿಯ ರಾತ್ರಿ 120 ಮಂದಿಯೂ ಒಂದೇ ಎತ್ತುಗಡೆಯಲ್ಲಿ ಶುರು ಮಾಡಿದರು, ಮೂರೂ ಚರಣಗಳು ಕ್ರಮವಾಗಿ ಬಂದವು. ಮೂರನೆಯ ಸಾಲಿನ ಅಜ್ಜಿ ಮಾತ್ರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿಟ್ಟುಕೊಂಡು, ಕನ್ನಡಕವನ್ನು ಚೀಲದಲ್ಲೇ ಬಿಟ್ಟು, ಕಣ್ಣು ಮುಚ್ಚಿ ‘ನಿನ್ನಡುಗೆ’ ಎಂದೇ ಹಾಡುತ್ತಿದ್ದರು.